ಓರೆ ಟೈಲ್ಸ್, ನಲವತ್ತೇಳರ ಲೆಕ್ಕ ಮತ್ತು ಕಡಿಮೆ ಬಿದ್ದ ಮರಳು

ನಮ್ಮ ಮನೆ ಕೊಡಗಿನ ಅಮ್ಮತ್ತಿ ಹತ್ತಿರ. ನಡುಮನೆಯ ನೆಲ ಅಜ್ಜನ ಕಾಲದ್ದು, ಕೆಂಪು ರೆಡ್ ಆಕ್ಸೈಡ್. ಒರೆಸಿ ಒರೆಸಿ ಕನ್ನಡಿ ಹಾಗೆ ಆಗಿದ್ದ ನೆಲ ಕಿಟಕಿ ಕಡೆ ಮೂಲೆಯಲ್ಲಿ ಕುಸಿದು ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಿ ಆ ಬಿರುಕಿನ ಉದ್ದಕ್ಕೂ ನೆಲ ಬೆವರುತ್ತಿತ್ತು. ಈ ಸಲ ಹುತ್ತರಿಗೆ ಮುಂಚೆ ಟೈಲ್ಸ್ ಹಾಕಿ ಮುಗಿಸೋಣ ಅಂತ ತೀರ್ಮಾನ ಆಯಿತು. ಹುತ್ತರಿ ಕಳೆದರೆ ಕಾಫಿ ಕೊಯ್ಲು ಶುರು. ಆಮೇಲೆ ಮನೆ ಕೆಲಸಕ್ಕೆ ಯಾರಿಗೂ ಪುರುಸೊತ್ತು ಇರಲ್ಲ.

ಗೋಣಿಕೊಪ್ಪದಲ್ಲಿ ನೆಂಟರ ಮನೆಯಲ್ಲಿ ಓರೆಯಾಗಿ ಕೂರಿಸಿದ ಟೈಲ್ಸ್ ನೋಡಿ ಬಂದಿದ್ದ ಅಮ್ಮ, "ಹಾಕಿದರೆ ಹಾಗೇ ಹಾಕು, ಇಲ್ಲದಿದ್ದರೆ ಇರೋ ನೆಲವೇ ಸಾಕು" ಅಂದರು. ಹಾಗಾಗಿ ಓರೆ. ಅಂದರೆ ಟೈಲ್ಸಿನ ಅಂಚು ಗೋಡೆಗೆ ಸಮಾನಾಂತರ ಇರದೆ 45 ಡಿಗ್ರಿಗೆ ತಿರುಗಿರುತ್ತದೆ, ವಜ್ರದ ಆಕಾರದಲ್ಲಿ ಕಾಣುತ್ತದೆ.

ಕೋಣೆ ಅಳೆದರೆ 15 ಅಡಿ ಉದ್ದ, 12 ಅಡಿ 2 ಅಂಗುಲ ಅಗಲ. ಮಿಲಿಮೀಟರಿನಲ್ಲಿ 4572 ಮತ್ತು 3708. ಟೈಲ್ಸ್ ಎರಡಡಿ ಎರಡಡಿಯದು, 600 ಮಿ.ಮೀ. ಒಂದು ಬಾಕ್ಸಿನಲ್ಲಿ ನಾಲ್ಕು, ಅಂದರೆ ಹದಿನೈದೂವರೆ ಚದರಡಿ. ಕುಶಾಲನಗರದ ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತಿ ಹೇಳಿದ್ದು: "183 ಚದರಡಿ, ಓರೆ ಅಂದರೆ ಶೇಕಡಾ 15 ಜಾಸ್ತಿ ಹಾಕಿ, 14 ಬಾಕ್ಸ್ ಬೇಕು." 56 ಟೈಲ್ಸ್. ಗೋಡೆ ಬುಡಕ್ಕೆ ಹಾಕುವ ಸ್ಕರ್ಟಿಂಗ್ ಪಟ್ಟಿ ಬೇರೆ.

ಆ ಶೇಕಡಾ 15 ತಪ್ಪು ಅಂತ ನಾನು ಹೇಳಲ್ಲ. ಕೋಣೆ ನೋಡದೆ ಹೇಳುವಾಗ ಅದಕ್ಕಿಂತ ಒಳ್ಳೆ ಅಂದಾಜು ಸಿಗಲ್ಲ. ಆದರೆ ವೇಸ್ಟೇಜ್ ಅನ್ನುವುದು ಕೋಣೆಯ ಅಳತೆಗೂ ಟೈಲ್ಸಿನ ಅಳತೆಗೂ ಇರುವ ಜಗಳ. ಅದನ್ನು ಚದರಡಿಯಲ್ಲಿ ಹಿಡಿಯೋಕೆ ಆಗಲ್ಲ, ಬಿಡಿಸಿ ಎಣಿಸಬೇಕು. ಮಗಳ ಗ್ರಾಫ್ ಹಾಳೆ ಕೇಳಿ ತಗೊಂಡು ರಾತ್ರಿ ಕೂತೆ.

ಓರೆಯಾಗಿ ಕೂತ ಟೈಲ್ಸ್ ಗೋಡೆಯಿಂದ ಗೋಡೆಗೆ ತನ್ನ ಅಂಚಿನಷ್ಟಲ್ಲ, ತನ್ನ ಕರ್ಣದಷ್ಟು ಜಾಗ ಹಿಡಿಯುತ್ತದೆ. 600ಕ್ಕೆ 2 ಮಿ.ಮೀ. ಜಾಯಿಂಟ್ ಸೇರಿಸಿ 602. ಅದನ್ನು 1.414ರಿಂದ ಗುಣಿಸಿದರೆ 851. ಅರ್ಧ ಕರ್ಣ ಸುಮಾರು 426. ಗ್ರಾಫ್ ಹಾಳೆಯ ಒಂದು ಚೌಕವನ್ನು ಈ ಅರ್ಧ ಕರ್ಣ ಅಂತ ಇಟ್ಟುಕೊಂಡರೆ ಚಿತ್ರ ಸುಲಭ. ಪ್ರತಿ ಟೈಲ್ಸೂ ಎರಡು ಚೌಕ ಅಗಲ, ಎರಡು ಚೌಕ ಎತ್ತರದ ವಜ್ರ.

ಕೋಣೆಯ ನಟ್ಟನಡುವೆ ಒಂದು ಟೈಲ್ಸ್ ಇಟ್ಟು ಬಿಡಿಸುತ್ತಾ ಹೋದೆ. 31 ಟೈಲ್ಸ್ ಇಡಿಯಾಗಿ ಕೂತವು. ಗೋಡೆ ಸುತ್ತ 18 ಟೈಲ್ಸಿಗೆ ಒಂದು ಮೂಲೆ ಕತ್ತರಿಸಬೇಕು, ದೊಡ್ಡ ಭಾಗ ನೆಲಕ್ಕೆ. ಈ 18ರ ನಡುನಡುವೆ ಗೋಡೆಗೆ ತಾಗಿ ಚಿಕ್ಕ ತ್ರಿಕೋನಗಳು, ಮೂಲೆಯವೂ ಸೇರಿ 22. ಪ್ರತಿಯೊಂದೂ ಗೋಡೆಯಿಂದ ಒಂದು ಗೇಣಿಗೂ ಕಡಿಮೆ, ಆರಂಗುಲದ ಆಸುಪಾಸು. ಈ ತ್ರಿಕೋನಗಳು ಎಲ್ಲಿಂದ ಬರುತ್ತವೆ ಅನ್ನೋದರ ಮೇಲೆ ಇಡೀ ಲೆಕ್ಕ ನಿಂತಿದೆ. 18 ಟೈಲ್ಸಿನಿಂದ ಕತ್ತರಿಸಿದ ಮೂಲೆಗಳು ಸುಮಾರು ಹತ್ತೂವರೆ ಅಂಗುಲ ಆಳದವು. ಹಾಗಾಗಿ ಒಂದೊಂದರಿಂದ ಒಂದೊಂದು ಚಿಕ್ಕ ತ್ರಿಕೋನ ಸಿಗುತ್ತದೆ. ಉಳಿದ ನಾಲ್ಕಕ್ಕೆ ಒಂದು ಹೊಸ ಟೈಲ್ಸಿನ ನಾಲ್ಕು ಮೂಲೆ ಸಾಕು. 31, 18, 1. ಒಟ್ಟು 50.

ಕೋಣೆಯ ವಿಸ್ತೀರ್ಣವನ್ನು ಟೈಲ್ಸಿನ ವಿಸ್ತೀರ್ಣದಿಂದ ಭಾಗಿಸಿದರೆ 47 ಬರುತ್ತದೆ. ಅಂದರೆ ನಮ್ಮ ಕೋಣೆಗೆ ನಿಜವಾದ ಕಟಿಂಗ್ ವೇಸ್ಟೇಜ್ ಶೇಕಡಾ 6. ಒಂದು ಷರತ್ತಿದೆ. ಕತ್ತರಿಸಿದ ಮೂಲೆಯನ್ನು ಕೆಲಸದವರು ಬಿಸಾಡದೆ ಎತ್ತಿಟ್ಟು ವಾಪಸ್ ಬಳಸಬೇಕು. ಪ್ರತಿ ಚಿಕ್ಕ ತ್ರಿಕೋನಕ್ಕೂ ಹೊಸ ಟೈಲ್ಸ್ ತೆಗೆದು ಒಂದೊಂದೇ ಮೂಲೆ ಕತ್ತರಿಸಿದರೆ ಅದೇ ಕೋಣೆಗೆ 70ರ ಮೇಲೆ ಬೇಕು. ಶೇಕಡಾ 15 ಹಾಕಿಯೂ ಕೆಲವರಿಗೆ ಕಡಿಮೆ ಬೀಳುವುದು ಹೀಗೇ.

ಲೆಕ್ಕ ಸರಿ ಹೋಯಿತು, ಚಿತ್ರ ಹಿಡಿಸಲಿಲ್ಲ. ಗೋಡೆ ಸುತ್ತ 22 ಚಿಕ್ಕ ತ್ರಿಕೋನಗಳು ಹಲ್ಲು ಮುರಿದ ಬಾಚಣಿಗೆ ಹಾಗೆ ಕಾಣುತ್ತಿದ್ದವು. ಓರೆ ನೆಲ ಚಂದ ಕಾಣಬೇಕಾದರೆ ಅಂಚಿನಲ್ಲಿ ಸರಿಯಾಗಿ ಅರ್ಧ ಟೈಲ್ಸ್ ಬರಬೇಕು. ಆವಾಗ ಹೊಳೆದದ್ದು ಬಾರ್ಡರ್.

ಓರೆ ಭಾಗವನ್ನು ಉದ್ದಕ್ಕೆ ಸರಿಯಾಗಿ 5 ಕರ್ಣ, ಅಗಲಕ್ಕೆ 4 ಕರ್ಣಕ್ಕೆ ನಿಲ್ಲಿಸಿದರೆ ಅದು 4257 ಮತ್ತು 3405 ಮಿ.ಮೀ. ಆಗುತ್ತದೆ. ಉಳಿದದ್ದು ಎರಡೂ ಕಡೆ ಹಂಚಿದರೆ ಉದ್ದದ ತುದಿಗಳಲ್ಲಿ 157, ಅಗಲದ ಪಕ್ಕಗಳಲ್ಲಿ 151. ನಮ್ಮ ಅದೃಷ್ಟ, ಎರಡೂ ಹೆಚ್ಚು ಕಡಿಮೆ ಒಂದೇ. ಕೋಣೆಯ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ಕರ್ಣ ಆಗಿತ್ತು, ಅದಕ್ಕೆ. ಎಲ್ಲ ಕೋಣೆಗೂ ಹೀಗೆ ಕೂಡಿ ಬರಲ್ಲ. ಒಂದು ಕಡೆ ಮೂರಂಗುಲ, ಇನ್ನೊಂದು ಕಡೆ ಒಂಬತ್ತಂಗುಲ ಬಂದರೆ ಬಾರ್ಡರ್ ಅಸಹ್ಯವಾಗಿ ಕಾಣುತ್ತದೆ. ಆಗ ಟೈಲ್ಸಿನ ಸೈಜ್ ಬದಲಿಸಿ ಮತ್ತೆ ಎಣಿಸಬೇಕು.

ಈಗ ಓರೆ ಭಾಗದಲ್ಲಿ 31 ಇಡಿ ಟೈಲ್ಸ್, ಸುತ್ತ 18 ಅರ್ಧ. ಒಂದು ಟೈಲ್ಸನ್ನು ಕರ್ಣದ ಮೇಲೆ ಕತ್ತರಿಸಿದರೆ ಎರಡು ಅರ್ಧ, ಎರಡೂ ಬೇಕಾದವೇ. ಹಾಗಾಗಿ 9 ಟೈಲ್ಸ್. ಒಟ್ಟು 40. ಬ್ಲೇಡ್ ತಿನ್ನುವ 2 ಮಿ.ಮೀ. ಕೂಡ ಬಾರ್ಡರಿನ ಜಾಯಿಂಟಿಗೆ ಹೋಗುತ್ತದೆ. ಬಿಸಾಡೋಕೆ ಏನೂ ಉಳಿಯಲ್ಲ.

ಬಾರ್ಡರಿಗೆ ಕಡು ಬೂದು ಬಣ್ಣದ ಅದೇ ಸೈಜಿನ ಟೈಲ್ಸ್. ಎರಡಡಿ ಉದ್ದದ ಪಟ್ಟಿಗಳು 28 ಬೇಕು. ಇಲ್ಲೊಂದು ಸಣ್ಣ ಆಟ ಇದೆ. ಪಟ್ಟಿ 151 ಮಿ.ಮೀ. ಅಗಲ ಇದ್ದರೆ 600ರ ಟೈಲ್ಸಿನಲ್ಲಿ ಬ್ಲೇಡಿನ ತಿನ್ನುವಿಕೆ ಸೇರಿ ನಾಲ್ಕು ಹೊಂದಲ್ಲ, 610 ಬೇಕಾಗುತ್ತದೆ. ಮೂರೇ ಪಟ್ಟಿ ಸಿಕ್ಕಿ 10 ಟೈಲ್ಸ್ ಖರ್ಚು. ಗೋಡೆ ಪಕ್ಕ 10 ಮಿ.ಮೀ. ಸಂದು ಬಿಟ್ಟರೆ ಹೆಚ್ಚು ಅಗಲ ಇರುವ 157ರ ಪಟ್ಟಿಯೂ 147ರ ಒಳಗೆ ಬರುತ್ತದೆ. ಆಗ ಒಂದು ಟೈಲ್ಸಿಗೆ ನಾಲ್ಕು ಪಟ್ಟಿ, 7 ಟೈಲ್ಸ್ ಸಾಕು. ಆ ಸಂದು ಹೇಗೂ ಬೇಕು. ಬಿಸಿಲಿಗೆ ನೆಲ ಹಿಗ್ಗಿದಾಗ ಟೈಲ್ಸ್ ಗೋಡೆಗೆ ಒತ್ತಿ ಮೇಲೇಳದೆ ಇರಲು ಅಷ್ಟು ಜಾಗ ಬಿಡಲೇಬೇಕು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

40 ಮತ್ತು 7, ಒಟ್ಟು 47. ಬರೀ ವಿಸ್ತೀರ್ಣದ ಲೆಕ್ಕಕ್ಕೆ ಸರಿಸಮ. ನಾಲ್ಕಂಗುಲದ ಸ್ಕರ್ಟಿಂಗ್ ಪಟ್ಟಿ ಬಾಗಿಲು ಬಿಟ್ಟು 25 ಬೇಕಿತ್ತು, ಟೈಲ್ಸಿಗೆ ಐದರ ಹಾಗೆ 5 ಬೂದು ಟೈಲ್ಸ್.

ತಂದದ್ದು ತಿಳಿ ಬಣ್ಣದ್ದು 12 ಬಾಕ್ಸ್, ಬೂದು 4 ಬಾಕ್ಸ್. ಹತ್ತೇ ಬಾಕ್ಸ್ ಸಾಕಿರುವಾಗ ಹನ್ನೆರಡು ಯಾಕೆ ಅಂದರೆ, ಒಡೆಯುವುದು ಬೇರೆ ಲೆಕ್ಕ, ಮುಂದೆ ರಿಪೇರಿಗೆ ಇಟ್ಟುಕೊಳ್ಳುವುದು ಬೇರೆ ಲೆಕ್ಕ. ಬಾಕ್ಸಿನ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತದೆ. ಆರು ತಿಂಗಳ ಮೇಲೆ ಹೋದರೆ ಅದೇ ಹೆಸರಿನ ಟೈಲ್ಸ್ ಬೇರೆ ಶೇಡಿನಲ್ಲಿ ಸಿಗುತ್ತದೆ. ಕೆಲವೊಮ್ಮೆ ಅಳತೆಯೂ ಒಂದು ಮಿ.ಮೀ. ಆಚೀಚೆ. ಹದಿನಾರು ಬಾಕ್ಸಿನ ನಂಬರನ್ನೂ ಅಂಗಡಿಯಲ್ಲೇ ಓದಿ ನೋಡಿ ಪಿಕಪ್ಪಿಗೆ ಹಾಕಿಸಿದೆ. ಬಾಕ್ಸನ್ನು ನಿಲ್ಲಿಸಿ ತನ್ನಿ, ಮಲಗಿಸಬೇಡಿ. ನಮ್ಮ ಕಡೆಯ ರಸ್ತೆಗೆ ಮಲಗಿಸಿದ ಟೈಲ್ಸ್ ಉಳಿಯಲ್ಲ. ನಿಲ್ಲಿಸಿ ತಂದೂ ಒಂದು ಒಡೆದಿತ್ತು.

ಇಷ್ಟೆಲ್ಲ ಜಾಣತನ ತೋರಿಸಿದ ನಾನು ಮರಳಿನಲ್ಲಿ ಸೋತೆ.

ಟೈಲ್ಸ್ ಕೆಳಗಿನ ಗಾರೆಯನ್ನು ಒಂದಿಂಚು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ 20 ಘನ ಅಡಿ ಎಂ-ಸ್ಯಾಂಡ್ ತರಿಸಿದ್ದೆ. ಅದೂ ಜಾಸ್ತಿಯೇ ಆಯಿತು ಅಂದುಕೊಂಡಿದ್ದೆ. ಮೇಸ್ತ್ರಿ ವಿರಾಜಪೇಟೆ ಕಡೆಯವರು, ಅರವತ್ತರ ಹತ್ತಿರ. ರಾಶಿ ನೋಡಿ ಏನೂ ಹೇಳಲಿಲ್ಲ. ಹಳೆ ನೆಲದ ನುಣುಪು ಹೋಗುವ ಹಾಗೆ ಉಳಿಯಿಂದ ಕಚ್ಚು ಹಾಕಿಸಿದರು, ಗುಡಿಸಿ ತೊಳೆಸಿದರು. ನುಣ್ಣಗಿನ ಆಕ್ಸೈಡ್ ಮೇಲೆ ಗಾರೆ ಹಿಡಿಯಲ್ಲ, ಆ ಎರಡು ದಿನದ ಟಕಟಕ ತಪ್ಪಿಸುವ ಹಾಗಿಲ್ಲ. ಕುಸಿದ ಮೂಲೆಯನ್ನು ಒಡೆದು ತುಂಬಿ ದಮ್ಮಸ್ಸು ಮಾಡಿ ಕಾಂಕ್ರೀಟ್ ಹಾಕಿ ಆಗಲೇ ವಾರ ಕಳೆದಿತ್ತು. ಆದರೆ ಅದನ್ನೂ ಸುತ್ತಲಿನ ತಗ್ಗಿನ ಮಟ್ಟಕ್ಕೇ ನಿಲ್ಲಿಸಿದ್ದೆವು.

ಮಟ್ಟದ ಪೈಪಿಗೆ ನೀರು ತುಂಬಿ ನಾಲ್ಕೂ ಗೋಡೆಗೆ ಒಂದೇ ಮಟ್ಟದ ಗೆರೆ ಹಾಕಿ, ನೂಲು ಎಳೆದು ಒಂಬತ್ತು ಕಡೆ ಕೆಳಗೆ ಅಳೆದೆವು. ಬಾಗಿಲ ಹತ್ತಿರ ನೆಲ ಎಲ್ಲಕ್ಕಿಂತ ಎತ್ತರ. ಅಲ್ಲಿ 25 ಮಿ.ಮೀ. ಗಾರೆ ಇಟ್ಟರೆ ಉಳಿದ ಕಡೆ ಎಷ್ಟು ಬೇಕು ಅಂತ ಬರೆದದ್ದು ಹೀಗೆ. ಮೇಲಿನ ಎಡ ಮೂಲೆ ಬಾಗಿಲು, ಕೆಳಗಿನ ಬಲ ಮೂಲೆ ಕಿಟಕಿ:

```
25  31  38
30  36  44
37  44  57
```

ಒಟ್ಟು 342, ಒಂಬತ್ತರಿಂದ ಭಾಗಿಸಿದರೆ 38. ಒಂದಿಂಚಲ್ಲ, ಒಂದೂವರೆ ಇಂಚು! ಮೇಸ್ತ್ರಿ ಆಗ ಬಾಯಿ ಬಿಟ್ಟರು: "ಟೈಲ್ಸ್ ನೀವು ಚಂದ ಎಣಿಸಿದ್ದೀರಿ. ಗಾರೆ ಕೇಳೋದು ನೆಲವನ್ನು, ಟೈಲ್ಸನ್ನಲ್ಲ."

ಸರಿಯಾದ ಲೆಕ್ಕ ಇದು. ಕೋಣೆ 16.95 ಚದರ ಮೀಟರ್, ಸರಾಸರಿ ದಪ್ಪ 0.038 ಮೀಟರ್. ಗುಣಿಸಿದರೆ ಹಾಸಿ ಒತ್ತಿದ ಗಾರೆ 0.644 ಘನ ಮೀಟರ್. ಒಣ ಸಾಮಾನು ಕಲಸಿ ಒತ್ತಿದಾಗ ಕುಗ್ಗುತ್ತದೆ, ಅದಕ್ಕೆ 1.33ರಿಂದ ಗುಣಿಸಿ 0.857. ಒಂದಕ್ಕೆ ಐದರ ಗಾರೆ ಅಂದರೆ ಆರು ಪಾಲು. ಒಂದು ಪಾಲು ಸಿಮೆಂಟ್ 0.143 ಘನ ಮೀಟರ್. 50 ಕಿಲೋ ಚೀಲ ಸುಮಾರು 0.035, ಹಾಗಾಗಿ ನಾಲ್ಕು ಚೀಲ ಮತ್ತು ಸ್ವಲ್ಪ. ಐದು ಪಾಲು ಮರಳು 0.714 ಘನ ಮೀಟರ್, ಅಂದರೆ 25 ಘನ ಅಡಿ.

ನನ್ನ 20ಕ್ಕೂ 25ಕ್ಕೂ ಅಷ್ಟೇನು ದೂರ ಇಲ್ಲ ಅನ್ನಿಸಬಹುದು. ಆದರೆ ಆ 25 ಒಣ ಮರಳಿನದ್ದು. ನವೆಂಬರಿನಲ್ಲೂ ನಮ್ಮಲ್ಲಿ ಸಂಜೆ ಮಳೆ ಬಿಟ್ಟಿರಲಿಲ್ಲ, ರಾಶಿ ತೇವ ಇತ್ತು. ತೇವದ ಮರಳು ಉಬ್ಬಿರುತ್ತದೆ, ಕಣಗಳ ಸುತ್ತ ಇರುವ ನೀರಿನ ಪೊರೆ ಅವನ್ನು ದೂರ ದೂರ ಹಿಡಿದಿರುತ್ತದೆ. ನೋಡೋಕೆ ಸುಲಭ. ಒಂದು ಗಾಜಿನ ಜಾಡಿಗೆ 20 ಸೆಂ.ಮೀ. ತೇವದ ಮರಳು ಸಡಿಲವಾಗಿ ತುಂಬಿ, ನೀರು ಸುರಿದು ಕಲಕಿ ಬಿಟ್ಟೆ. ಮರಳು ಇಳಿದು 16ಕ್ಕೆ ನಿಂತಿತು. ಅಂದರೆ ಶೇಕಡಾ 25 ಉಬ್ಬು. ನನ್ನ 20 ಘನ ಅಡಿ ನಿಜಕ್ಕೂ 16. ಬೇಕಾದದ್ದು ತೇವದ ಅಳತೆಯಲ್ಲಿ 31. ಅರ್ಧದ ಮೇಲೆ ಸ್ವಲ್ಪ ಇತ್ತು ಅಷ್ಟೇ.

ಇದರಲ್ಲಿ ಇನ್ನೊಂದು ತೊಂದರೆಯೂ ಇದೆ. ಬಾಂಡ್ಲಿಯಲ್ಲಿ ಅಳೆದು ಒಂದಕ್ಕೆ ಐದು ಅಂತ ಹಾಕಿದರೆ ತೇವದ ದಿನ ನಿಜವಾಗಿ ಬೀಳುವುದು ಒಂದಕ್ಕೆ ನಾಲ್ಕು. ಗಾರೆ ಗಟ್ಟಿಯಾಗುತ್ತದೆ ನಿಜ, ಸಿಮೆಂಟ್ ಸುಮ್ನೆ ಖರ್ಚು, ಒಣಗುವಾಗ ಬಿರುಕೂ ಜಾಸ್ತಿ. ಆವತ್ತಿನಿಂದ ಒಂದು ಬಾಂಡ್ಲಿ ಸಿಮೆಂಟಿಗೆ ಆರೂಕಾಲು ಬಾಂಡ್ಲಿ ತೇವದ ಮರಳು ಹಾಕಿಸಿದೆ.

ಮೊದಲ ದಿನ ಮರಳು ಮುಗಿದಲ್ಲಿಗೆ ಕೆಲಸ ನಿಲ್ಲಿಸಿದೆವು. ಇಳಿಜಾರಾಗಿ ಹಾಗೇ ಬಿಡದೆ, ಅಂಚನ್ನು ಕರಣೆಯಿಂದ ನೇರವಾಗಿ ಕಡಿದು ನಿಲ್ಲಿಸಿದರು. ಮಾರನೇ ದಿನ ಆ ಅಂಚಿಗೂ ನೆಲಕ್ಕೂ ಸಿಮೆಂಟ್ ಹಾಲು ಬಳಿದು ಮುಂದುವರಿಸಿದರು. ಗಾರೆ ಅರೆ ಒಣಗಿದ ಹದದ್ದು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿನ ಸಂದಿಯಲ್ಲಿ ನೀರು ಬರಬಾರದು. ಕಿಟಕಿ ಕಡೆ 57 ಮಿ.ಮೀ. ಇದ್ದಲ್ಲಿ ಒಂದೇ ಸಲ ಸುರಿಯದೆ ಎರಡು ಪದರ ಮಾಡಿ ಒತ್ತಿದರು. ಒಂದೇ ಸಲ ಹಾಕಿದರೆ ಮೇಲೆ ಗಟ್ಟಿ, ಅಡಿಯಲ್ಲಿ ಪೊಳ್ಳು.

ಟೈಲ್ಸ್ ಹೇಗೆ ಅಂಟಿಸುವುದು ಅನ್ನುವಲ್ಲಿ ಮೇಸ್ತ್ರಿಗೂ ನನಗೂ ಸ್ವಲ್ಪ ವಾದ ಆಯಿತು. ಅವರ ಅಭ್ಯಾಸ ಹಸಿ ಗಾರೆ ಮೇಲೆ ಸಿಮೆಂಟ್ ಹಾಲು ಸುರಿದು ಅದರ ಮೇಲೇ ಟೈಲ್ಸ್ ಕೂರಿಸಿ ರಬ್ಬರ್ ಸುತ್ತಿಗೆಯಲ್ಲಿ ತಟ್ಟುವುದು. ನಮ್ಮದು ವಿಟ್ರಿಫೈಡ್, ನೀರೇ ಹೀರಲ್ಲ. ಒಡೆದ ಟೈಲ್ಸಿನ ಎರಡು ತುಂಡನ್ನು ಅಂಗಳದಲ್ಲಿ ಅವರ ರೀತಿಯಲ್ಲೇ ಕೂರಿಸಿ ಎರಡು ದಿನ ಬಿಟ್ಟು ಎಬ್ಬಿಸಿದೆವು. ಟೈಲ್ಸಿನ ಬೆನ್ನು ತೊಳೆದ ತಟ್ಟೆ ಹಾಗೆ, ಸಿಮೆಂಟ್ ಎಲ್ಲ ಗಾರೆಯಲ್ಲೇ ಉಳಿದಿತ್ತು. ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದರೆ ನಿಮ್ಮ ಗೋಂದೇ ತನ್ನಿ" ಅಂದರು. ಗಾರೆಯನ್ನು ಮಾತ್ರ ಮಟ್ಟ ಮಾಡಿ, ಹಳೆ ಕಾಫಿ ಚೀಲ ಹೊದಿಸಿ ಏಳು ದಿನ ನೀರುಣಿಸಿ, ಆಮೇಲೆ ಹಲ್ಲಿನ ಕರಣೆಯಲ್ಲಿ ಟೈಲ್ ಅಡ್ಹೆಸಿವ್ ಎಳೆದು ಅಂಟಿಸುವುದು ಅಂತ ಆಯಿತು. ಚದರ ಮೀಟರಿಗೆ ಸುಮಾರು 5 ಕಿಲೋ, 20 ಕಿಲೋದ ಐದು ಚೀಲ. ಖರ್ಚು ಜಾಸ್ತಿ, ಹೌದು. ಸೆರಾಮಿಕ್ ಟೈಲ್ಸ್ ಆಗಿದ್ದರೆ ನಾನು ಮೇಸ್ತ್ರಿ ಮಾತೇ ಕೇಳುತ್ತಿದ್ದೆ. ಅದರ ಬೆನ್ನು ನೀರು ಹೀರುತ್ತದೆ, ಸಿಮೆಂಟ್ ಹಿಡಿಯುತ್ತದೆ.

ಓರೆ ಗೆರೆ ಹಾಕುವುದಕ್ಕೆ ಯಾವ ಯಂತ್ರವೂ ಬೇಡ. ಕೋಣೆಯ ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ನೂಲು. 3, 4, 5 ಅಡಿ ಹಿಡಿದು ಮೂಲೆ ಸರಿ ಇದೆಯೇ ನೋಡಿದೆವು. ಆಮೇಲೆ ಎರಡೂ ನೂಲಿನಲ್ಲಿ ನಡುವಿನಿಂದ ನಾಲ್ಕು ನಾಲ್ಕು ಅಡಿಗೆ ಗುರುತು ಹಾಕಿ ಆ ಎರಡು ಗುರುತು ಸೇರಿಸಿದರೆ ಅದೇ 45 ಡಿಗ್ರಿ. ನೂಲನ್ನು ಗೋಡೆಯ ಮೂಲೆಯಿಂದ ಮೂಲೆಗೆ ಎಳೆದು ಓರೆ ಅಂದುಕೊಳ್ಳುವವರಿದ್ದಾರೆ. ಕೋಣೆ ಚೌಕ ಇಲ್ಲದಿದ್ದರೆ ಅದು 45 ಆಗಲ್ಲ. ಕೋಣೆಯ ಎರಡು ಕರ್ಣ ಅಳೆದಾಗ ಅರ್ಧ ಇಂಚು ವ್ಯತ್ಯಾಸ ಇತ್ತು. ಗೋಡೆ ತುದಿಯಿಂದ ತುದಿಗೆ 8 ಮಿ.ಮೀ. ಓರೆ ಅಂತ ಅರ್ಥ. ಅದನ್ನು ಎರಡು ತುದಿಗೂ ನಾಲ್ಕು ನಾಲ್ಕು ಹಂಚಿ ಸ್ಕರ್ಟಿಂಗ್ ಅಡಿಗೆ ತಳ್ಳಿದೆವು. ಬಾರ್ಡರ್ ಪಟ್ಟಿ ಎಲ್ಲ ಒಂದೇ ಅಗಲ ಉಳಿಯಿತು.

ಕಟಿಂಗಿನಲ್ಲಿ ಕಷ್ಟ ಕೊಟ್ಟದ್ದು ಅರ್ಧ ಟೈಲ್ಸಿನ ಮೊನೆ. ಕರ್ಣದ ಮೇಲೆ ಮಷಿನ್ ಓಡಿಸಿ ತುದಿಗೆ ಬರುವಾಗ ಮೊನೆ ಚಟ್ಟನೆ ಹಾರುತ್ತದೆ. ಮೊದಲ ಎರಡು ಟೈಲ್ಸಿನಲ್ಲಿ ಒಂದೊಂದು ಅರ್ಧ ಹಾಗೇ ಹೋಯಿತು. ಮೂರನೆಯದರಿಂದ ಮೇಸ್ತ್ರಿ ಕ್ರಮ ಬದಲಿಸಿದರು. ಮೊದಲು ಎರಡೂ ಮೂಲೆಯಿಂದ ಒಳಕ್ಕೆ ಎರಡಂಗುಲ ಕತ್ತರಿಸಿ, ಆಮೇಲೆ ನಡುವಿನದ್ದನ್ನು ಕೂಡಿಸಿದರು. ಟೈಲ್ಸ್ ಅಡಿಗೆ ಪೂರ್ತಿ ಹಲಗೆ ಇರಬೇಕು, ಮೇಲಿಂದ ನೀರು ಬಿಡುತ್ತಿರಬೇಕು. ಆಮೇಲೆ ಒಂದೂ ಹಾರಲಿಲ್ಲ.

31 ಇಡಿ ಟೈಲ್ಸ್ ಕೂತ ಮೇಲೆ ಉದ್ದಕ್ಕೆ ಐದು ಕರ್ಣ ಅಳೆದೆ. 4257 ಬರಬೇಕಾದಲ್ಲಿ 4261. ನಾಲ್ಕು ಮಿ.ಮೀ. ಎಲ್ಲೋ ಸ್ಪೇಸರ್ ಸಂದಿಯಲ್ಲಿ ಸೇರಿಕೊಂಡಿತ್ತು, ಬಿಟ್ಟೆ.

ಕೊನೆಗೆ ತಿಳಿ ಬಣ್ಣದ 48ರಲ್ಲಿ ದಾರಿಯಲ್ಲಿ ಒಡೆದದ್ದು ಒಂದು, ಮೊನೆ ಹಾರಿದ್ದಕ್ಕೆ ಹೋದದ್ದು ಒಂದು, ನೆಲಕ್ಕೆ 40. ಆರು ಉಳಿದವು, ಅಟ್ಟಕ್ಕೆ ಹಾಕಿದ್ದೇನೆ. ಬೂದು 16ರಲ್ಲಿ ನಾಲ್ಕು ಉಳಿದವು. ಬಾಕ್ಸ್ ಲೆಕ್ಕದಲ್ಲಿ ಅಂಗಡಿಯವರು ಹೇಳಿದ್ದಕ್ಕಿಂತ ನಾನು ದೊಡ್ಡದಾಗಿ ಏನೂ ಉಳಿಸಲಿಲ್ಲ, ಸ್ಕರ್ಟಿಂಗ್ ಸೇರಿಸಿದರೆ ಅವರದ್ದೂ ಹದಿನಾರರ ಹತ್ತಿರವೇ. ಗೋಡೆ ಸುತ್ತ ಚಿಕ್ಕ ತ್ರಿಕೋನ ಇಲ್ಲ, ಅಷ್ಟೇ ಲಾಭ.

ಒಂದು ಮರೆತಿದ್ದೆವು. ಬಾಗಿಲ ಹತ್ತಿರ ಗಾರೆ 25, ಅಂಟು 4, ಟೈಲ್ಸ್ 9, ಒಟ್ಟು 38 ಮಿ.ಮೀ. ನೆಲ ಎದ್ದಿದೆ. ಅಜ್ಜನ ಕಾಲದ ಹಲಸಿನ ಬಾಗಿಲು ಒಳಗೆ ತೆರೆಯುವಂಥದ್ದು. ಈಗ ಅದು ಹೊಸ್ತಿಲು ದಾಟಲ್ಲ. ಒಂದೂವರೆ ಇಂಚು ಕತ್ತರಿಸೋಕೆ ಆಚಾರಿ ಬರುವವರೆಗೆ ಬಾಗಿಲು ಕಳಚಿ ಜಗುಲಿಯಲ್ಲಿ ಒರಗಿಸಿಟ್ಟಿದ್ದೇವೆ. ರಾತ್ರಿ ನಾಯಿ ನೇರ ಒಳಗೆ ಬಂದು ಹೊಸ ನೆಲದ ನಟ್ಟನಡುವಿನ ಟೈಲ್ಸಿನಲ್ಲೇ ಮಲಗುತ್ತದೆ.